ತೆರೆದ ಪಾತ್ರೆಯ ಗುಗ್ಗರಿ, ಕುಕ್ಕರಿನ ಗುಗ್ಗರಿ

ಕಡಲೆಕಾಳು ಬೇಯಿಸುವ ವಿಷಯದಲ್ಲಿ ನನಗೂ ಅವ್ವನಿಗೂ ಯಾವಾಗಲೂ ವಾದ. "ಎಷ್ಟು ಕೂಗು ಕೂಗಿಸಿದೆಯಪ್ಪಾ?" ಅಂತ ಅವ್ವ ಕೇಳುತ್ತಾರೆ. ಕೂಗಿನ ಲೆಕ್ಕ ಸುಮ್ನೆ ಅನ್ನೋದು ನನ್ನ ವಾದ. ಕೊನೆಗೆ ಒಂದು ಭಾನುವಾರ ದಾವಣಗೆರೆಯ ನಮ್ಮ ಅಡುಗೆಮನೆಯಲ್ಲೇ ನೋಡಿಬಿಡೋಣ ಅಂದುಕೊಂಡೆ.

ಹಿಂದಿನ ರಾತ್ರಿಯೇ ಕಾಳು ನೆನೆಹಾಕಿದ್ದೆ. ಒಂದು ಪಾವು ತೆರೆದ ಪಾತ್ರೆಗೆ, ಒಂದು ಪಾವು ಕುಕ್ಕರಿಗೆ. ಎರಡಕ್ಕೂ ಅದೇ ನಲ್ಲಿ ನೀರು. ಬೋರಿನ ಗಡಸು ನೀರಾದರೆ ಕಾಳು ಬೇಯೋಕೆ ಇನ್ನೂ ಸತಾಯಿಸುತ್ತೆ, ಅದಕ್ಕೇ ಹಾಕಲಿಲ್ಲ.

ಮೊದಲು ತೆರೆದ ಪಾತ್ರೆ. ಪ್ರಯೋಗಾಲಯದಲ್ಲಿ ಬಳಸುವ ಥರ್ಮಾಮೀಟರ್ ಇಳಿಬಿಟ್ಟೆ. ನೀರು ಕೊತಕೊತ ಕುದಿಯುತ್ತಿದ್ದರೂ ಪಾದರಸ 98ರಲ್ಲೇ ನಿಂತಿತು. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಗಾಳಿಯ ಭಾರ ಅಷ್ಟು ಕಡಿಮೆ, ಹಾಗಾಗಿ ನೀರು 100 ಡಿಗ್ರಿ ಆಗೋ ಮೊದಲೇ ಕುದಿಯುತ್ತೆ. ಉರಿ ಜೋರು ಮಾಡಿದೆ. ಗುಳ್ಳೆ ಜಾಸ್ತಿಯಾಯಿತು, ಆವಿ ಜಾಸ್ತಿಯಾಯಿತು, ಪಾದರಸ ಮಾತ್ರ ಅಲುಗಲಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡೋದಕ್ಕೇ ಖರ್ಚು. ಎರಡು ಬೆರಳಲ್ಲಿ ಒತ್ತಿದರೆ ಕಾಳು ಹಿಟ್ಟಾಗಬೇಕು, ಅದಕ್ಕೆ ಕುದಿ ಬಂದಮೇಲೆ 75 ನಿಮಿಷ ಬೇಕಾಯಿತು. ನಡುವೆ ಎರಡು ಸಲ ಬಿಸಿನೀರು ಸೇರಿಸಿದೆ.

ಕುಕ್ಕರಿನ ಒಳಗೆ ಥರ್ಮಾಮೀಟರ್ ಇಳಿಸೋಕೆ ಆಗಲ್ಲ. ಆದರೆ ಲೆಕ್ಕ ಹಾಕಬಹುದು. ಮುಚ್ಚಳದ ಮೇಲಿನ ವೆಯ್ಟನ್ನು ತಕ್ಕಡಿಗಿಟ್ಟೆ, 80 ಗ್ರಾಂ. ಅದು ಕೂರುವ ಕೊಳವೆಯ ತೂತಿನ ಅಡ್ಡಳತೆ 3.2 ಮಿಲಿಮೀಟರ್, ಅಂದರೆ ಒಂದು ಚದರ ಸೆಂಟಿಮೀಟರಿನ ಶೇಕಡ 8ರಷ್ಟು ಜಾಗ. ಅಷ್ಟು ಜಾಗದ ಮೇಲೆ 80 ಗ್ರಾಂ ಅಂದರೆ, ಚದರ ಸೆಂಟಿಮೀಟರಿಗೆ 1 ಕಿಲೋ. ಹೊರಗಿನ ಗಾಳಿಯದೂ ಹತ್ತಿರ ಹತ್ತಿರ ಒಂದು ಕಿಲೋ. ಆವಿ ಈ ಎರಡನ್ನೂ ತಳ್ಳಿಕೊಂಡೇ ಹೊರಗೆ ಬರಬೇಕು. ಅಷ್ಟು ಒತ್ತಡದಲ್ಲಿ ನೀರು ಕುದಿಯೋದು ಸುಮಾರು 119 ಡಿಗ್ರಿಗೆ.

ಕೂಗು ಬರೋಕೆ ಶುರುವಾದಮೇಲೆ ಉರಿ ಸಣ್ಣಗೆ ಮಾಡಿ 18 ನಿಮಿಷ ಬಿಟ್ಟೆ. ತಾನಾಗೇ ಆರಲು ಇನ್ನೊಂದು 10 ನಿಮಿಷ. ತೆಗೆದು ನೋಡಿದರೆ ಕಾಳು ಬೆರಳಲ್ಲಿ ಬೆಣ್ಣೆ.

21 ಡಿಗ್ರಿ ಅಂದರೆ ಕೇಳೋಕೆ ಅಷ್ಟೇನಲ್ಲ, ಅಲ್ವಾ? ಆದರೆ ಕಾಳು ಮೆತ್ತಗಾಗೋದು ಅಂದರೆ ಅದರ ಕಣಗಳನ್ನು ಹಿಡಿದಿಟ್ಟಿರುವ ಅಂಟು ಕರಗೋದು. ಇಂಥ ಕೆಲಸ ಶಾಖ ಹತ್ತು ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಎರಡು ಪಟ್ಟು ಚುರುಕಾಗುತ್ತೆ. ಇಪ್ಪತ್ತು ಡಿಗ್ರಿಗೆ ನಾಲ್ಕು ಪಟ್ಟು. 75ಕ್ಕೂ 18ಕ್ಕೂ ಇರುವ ಅಂತರ ಅದೇ. ಇದು ಒರಟು ಲೆಕ್ಕ ಅನ್ನೋದು ನೆನಪಿರಲಿ, ಆರುವ ಹೊತ್ತಿನಲ್ಲೂ ಕಾಳು ಒಂದಿಷ್ಟು ಬೇಯುತ್ತಲೇ ಇರುತ್ತೆ.

ಅವ್ವನ ಅನುಮಾನ ಬೇರೆ: "ಮುಚ್ಚಿ ಇಟ್ಟಿದ್ದಕ್ಕೆ ಬೇಗ ಬೆಂದಿರಬೇಕು." ಸರಿ ಅಂತ ಇನ್ನೊಂದು ಪಾವು ಕಾಳನ್ನು ಅದೇ ಕುಕ್ಕರಿನಲ್ಲಿ, ಮುಚ್ಚಳ ಹಾಕಿ, ವೆಯ್ಟ್ ಇಡದೆ ಬೇಯಿಸಿದೆ. 40 ನಿಮಿಷ ಆದಮೇಲೂ ನಡುವೆ ಗಟ್ಟಿ. ಆವಿಗೆ ದಾರಿ ಬಿಟ್ಟಿದ್ದರಿಂದ ಒಳಗೂ 98 ಡಿಗ್ರಿಯೇ. ಮುಚ್ಚಳ ಗ್ಯಾಸ್ ಉಳಿಸುತ್ತೆ ಅಷ್ಟೆ, ಕುಕ್ಕರನ್ನು ಕುಕ್ಕರ್ ಮಾಡೋದು ಆ 80 ಗ್ರಾಂ.

ವೆಯ್ಟನ್ನು ಮೊದಲೇ ಇಟ್ಟುಬಿಡೋದು ನಾನು ವರ್ಷಗಟ್ಟಲೆ ಮಾಡಿದ ತಪ್ಪು. ಆಗ ಒಳಗಿನ ಗಾಳಿಯೂ ಅಲ್ಲೇ ಉಳಿಯುತ್ತೆ. ಒತ್ತಡದಲ್ಲಿ ಅದೂ ಪಾಲು ತಗೊಳ್ಳುತ್ತೆ, ಆವಿಯ ಪಾಲು ಕಮ್ಮಿಯಾಗುತ್ತೆ. ಕೂಗು ಬರುತ್ತೆ, ಒಳಗೆ 119 ಬಂದಿರಲ್ಲ. ಕೊಳವೆಯಿಂದ ಮೊದಲು ಆವಿ ಬಿಟ್ಟುಬಿಟ್ಟು ಪುಸಪುಸ ಬರುತ್ತೆ. ಅದು ನೆಟ್ಟಗೆ, ಒಂದೇ ಸಮನೆ ಬರೋ ತನಕ ಕಾದು ವೆಯ್ಟ್ ಇಡಬೇಕು.

ಕೂಗಿನ ವಾದವೂ ಇಲ್ಲೇ ತೀರಿತು. ಜೋರು ಉರಿಯಲ್ಲಿ ಅದೇ 18 ನಿಮಿಷಕ್ಕೆ ಸಾಲಾಗಿ ಕೂಗುತ್ತೆ, ಸಣ್ಣ ಉರಿಯಲ್ಲಿ ಮೂರೋ ನಾಲ್ಕೋ. ಎರಡರಲ್ಲೂ ಒಳಗಿನ ಶಾಖ ಒಂದೇ. ಜಾಸ್ತಿ ಕೂಗಿದರೆ ನೀರು ಬತ್ತಿ ತಳ ಹಿಡಿಯುತ್ತೆ, ಅಷ್ಟೆ. ಈಗ ಅವ್ವ ಕೂಗು ಎಣಿಸುತ್ತಾರೆ, ನಾನು ಗಡಿಯಾರ ನೋಡುತ್ತೇನೆ.

ಹಾಗಂತ ಎಲ್ಲಕ್ಕೂ ಕುಕ್ಕರ್ ಬೇಡ. ಕಾಳಿಗೆ, ತೊಗರಿಬೇಳೆಗೆ ಕಣ್ಣುಮುಚ್ಚಿ ಕುಕ್ಕರ್. ಬೇಳೆಯಾದರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ, ನೊರೆ ಎದ್ದು ಕೊಳವೆ ಕಟ್ಟಿಕೊಳ್ಳುತ್ತೆ. ನುಗ್ಗೆಕಾಯಿ, ಬದನೆಕಾಯಿ ಅಂಥವಕ್ಕೆ ತೆರೆದ ಪಾತ್ರೆಯೇ ಸೈ. ಅಲ್ಲಿ ಎರಡು ನಿಮಿಷ ಹೆಚ್ಚಾದರೆ ಏನೂ ಆಗಲ್ಲ, ಕುಕ್ಕರಿನಲ್ಲಿ ಅದೇ ಎರಡು ನಿಮಿಷ ಎಂಟು ನಿಮಿಷಕ್ಕೆ ಸಮ. ಜೋಳದ ನುಚ್ಚನ್ನಂತೂ ನಾವು ಈಗಲೂ ಕುಕ್ಕರಿಗೆ ಹಾಕಲ್ಲ. ತಿರುವುತ್ತಾ ಇರದಿದ್ದರೆ ತಳ ಹಿಡಿಯುತ್ತೆ, ಮುಚ್ಚಿದ ಮುಚ್ಚಳದ ಒಳಗೆ ಸೌಟು ಆಡಿಸೋರು ಯಾರು?