ಒಂದೇ ಪ್ರೀ-ಸ್ಕೂಲ್, ಮೂರು ಸ್ಕ್ರಿಪ್ಟ್: ಪೋಷಕರ ಆತಂಕಕ್ಕೆ ಯಾವುದು ಉತ್ತರ ಕೊಟ್ಟಿತು?

ಮೈಸೂರಿನ ಒಂದು ಪ್ರೀ-ಸ್ಕೂಲಿಗಾಗಿ ಜನವರಿಯಲ್ಲಿ, ಅಂದರೆ ಪ್ರವೇಶದ ವಿಚಾರಣೆಗೆ ಪೋಷಕರು ಬರತೊಡಗುವ ಹೊತ್ತಿಗೆ, ಶಾಲೆಯನ್ನು ಸುತ್ತಿ ತೋರಿಸುವ ವಿಡಿಯೊಗೆ ನಾನು ಮೂರು ಬಗೆಯ ಸ್ಕ್ರಿಪ್ಟ್ ಬರೆದೆ. ಮೂರನ್ನೂ ಒಂದೇ ಮೊಬೈಲಿನಲ್ಲಿ ಚಿತ್ರಿಸಿ, ಬಂದ ಪೋಷಕರಿಗೆ ಕಚೇರಿಯಲ್ಲಿ ಒಬ್ಬರಿಗೆ ಒಂದರಂತೆ ತೋರಿಸಿ, ನೋಡಿದ ಮೇಲೆ ಅವರು ಏನು ಕೇಳುತ್ತಾರೆ ಎಂಬುದನ್ನು ಮೂಲೆಯಲ್ಲಿ ಕುಳಿತು ಬರೆದುಕೊಂಡೆ. ‘ಚೆನ್ನಾಗಿದೆ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವಿಡಿಯೊದಲ್ಲಿ ಉತ್ತರವಿದ್ದ ಪ್ರಶ್ನೆಯೇ ಮತ್ತೆ ಬಂದರೆ ಆ ಸ್ಕ್ರಿಪ್ಟ್ ಸೋತಿತು ಎಂಬುದಷ್ಟೇ ನನ್ನ ಅಳತೆಗೋಲಾಗಿತ್ತು.

ಮೊದಲನೆಯದು ಕೊಠಡಿಗಳ ಕ್ರಮದ ಸ್ಕ್ರಿಪ್ಟ್. ಮುಖ್ಯೋಪಾಧ್ಯಾಯಿನಿಯವರು ಗೇಟಿನಿಂದ ಹೊರಟು ತರಗತಿ, ಆಟದ ಅಂಗಳ, ಊಟದ ಜಾಗ ಎಂದು ಒಂದೊಂದನ್ನೇ ತೋರಿಸುತ್ತ ಬರುತ್ತಾರೆ. ಬರೆಯುವುದಕ್ಕೆ ಇದು ಅತ್ಯಂತ ಸುಲಭ, ಒಂದೇ ಬೆಳಿಗ್ಗೆ ಚಿತ್ರೀಕರಣವೂ ಮುಗಿಯುತ್ತದೆ. ಆದರೆ ಮಕ್ಕಳಿಲ್ಲದ ಶನಿವಾರ ಚಿತ್ರಿಸಿದ್ದರಿಂದ ಕೊಠಡಿಗಳು ಪೀಠೋಪಕರಣದ ಅಂಗಡಿಯಂತೆ ಕಂಡವು. ಅದಕ್ಕಿಂತ ದೊಡ್ಡ ತೊಂದರೆ ನಾನೇ ಬರೆದ ಒಂದು ವಾಕ್ಯದಲ್ಲಿತ್ತು. ‘ಶಾಲೆಯ ಎಲ್ಲ ಕಡೆಯೂ ಸಿಸಿಟಿವಿ ಇದೆ’ ಎಂದು ಧೈರ್ಯ ತುಂಬುವಂತೆ ಬರೆದಿದ್ದೆ. ವಿಡಿಯೊ ಮುಗಿದೊಡನೆ ಒಬ್ಬ ತಾಯಿ, “ಮೇಡಂ, ಶೌಚಾಲಯದಲ್ಲೂ ಇದೆಯಾ?” ಎಂದು ಕೇಳಿದರು. ಇರಲಿಲ್ಲ, ಇರಲೂಬಾರದು. ಆದರೆ ‘ಎಲ್ಲ ಕಡೆ’ ಎಂದ ಮೇಲೆ ಆ ಪ್ರಶ್ನೆ ನ್ಯಾಯವಾದದ್ದೇ. ಮತ್ತೊಬ್ಬ ತಂದೆ ಬೆಂಕಿ ಆರಿಸುವ ಸಿಲಿಂಡರ್ ಕಾಣಿಸಿದ ಕಡೆ ವಿಡಿಯೊ ನಿಲ್ಲಿಸಿ, ಒತ್ತಡ ಸೂಚಿಸುವ ಮುಳ್ಳು ಹಸಿರು ಭಾಗದಿಂದ ಕೆಳಗಿದೆ ಎಂದು ಬೆರಳಿಟ್ಟು ತೋರಿಸಿದರು. ವಸ್ತುಗಳನ್ನು ತೋರಿಸಿ ಸುರಕ್ಷತೆಯನ್ನು ಸಾರಲು ಹೊರಟರೆ, ನೋಡುವವರು ಆ ವಸ್ತುಗಳನ್ನೇ ತಪಾಸಣೆ ಮಾಡುತ್ತಾರೆ. ಸಿಲಿಂಡರನ್ನು ಮರುದಿನವೇ ತುಂಬಿಸಿದರು ಎಂಬುದಷ್ಟೇ ಆ ವಿಡಿಯೊದಿಂದಾದ ಲಾಭ.

ಎರಡನೆಯದು ಗಡಿಯಾರದ ಕ್ರಮ. ಒಂದು ಮಗುವಿನ ಚೀಲ ಬೆಳಿಗ್ಗೆ ಗೇಟಿನೊಳಗೆ ಬಂದಲ್ಲಿಂದ ಮಧ್ಯಾಹ್ನ ಮನೆಗೆ ಹೊರಡುವವರೆಗೆ ಕ್ಯಾಮೆರಾ ಅದರ ಹಿಂದೆಯೇ ಸಾಗುತ್ತದೆ: ಗೂಡಿನಲ್ಲಿ ಚಪ್ಪಲಿ, ವೃತ್ತದಲ್ಲಿ ಕುಳಿತು ಹಾಡು, ಕೈ ತೊಳೆಯುವ ಸಾಲು, ತಿಂಡಿ ಡಬ್ಬಿ, ಮರಳಿನ ಆಟ, ಕಥೆ. ಪೋಷಕರ ಅನುಮತಿ ಇಲ್ಲದೆ ಮಕ್ಕಳ ಮುಖ ತೋರಿಸಬಾರದು ಎಂಬ ನಿಯಮವನ್ನು ನಾವೇ ಹಾಕಿಕೊಂಡಿದ್ದೆವು. ಆದ್ದರಿಂದ ಮೊಬೈಲನ್ನು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ಹಿಡಿದು, ಕೈಗಳನ್ನೂ ಬೆನ್ನುಗಳನ್ನೂ ಮಾತ್ರ ಚಿತ್ರಿಸಿದೆ. ಈ ಎತ್ತರ ನಾನು ನಿರೀಕ್ಷಿಸದ ಕೆಲಸವನ್ನೂ ಮಾಡಿತು. ನಿಂತು ನೋಡಿದಾಗ ಕಾಣದಿದ್ದ ಮೇಜಿನ ಚೂಪು ಮೂಲೆ, ಮುಚ್ಚಳ ಕಳಚಿದ ಪ್ಲಗ್ ಪಾಯಿಂಟ್, ಬಾಗಿಲಿನ ಕೀಲಿನ ಕಡೆ ಪುಟ್ಟ ಬೆರಳು ಸಿಕ್ಕಿಕೊಳ್ಳುವಷ್ಟು ಸಂದು, ಮೂರೂ ಪರದೆಯ ನಡುಮಧ್ಯದಲ್ಲಿ ಬಂದು ನಿಂತವು. ಅವನ್ನು ಸರಿಪಡಿಸಿದ ಮೇಲೆ ಮತ್ತೆ ಚಿತ್ರಿಸಬೇಕಾಯಿತು.

ಈ ಸ್ಕ್ರಿಪ್ಟಿನಲ್ಲಿ ಮಾತು ಕಡಿಮೆ. ನಾನು ಓದುವ ವೇಗದಲ್ಲಿ ನಿಮಿಷಕ್ಕೆ 90 ಪದಗಳಷ್ಟು ಸಾಗುತ್ತದೆ. ಮೂರು ನಿಮಿಷದ ವಿಡಿಯೊಗೆ 150 ಪದ ಮಾತ್ರ ಬರೆದು, ಉಳಿದ ಹೊತ್ತನ್ನು ನಲ್ಲಿಯ ನೀರಿಗೂ ಮಕ್ಕಳ ಗಲಾಟೆಗೂ ಬಿಟ್ಟೆ. ದಿನಚರಿಯ ಬಗ್ಗೆ ಬರುತ್ತಿದ್ದ ಪ್ರಶ್ನೆಗಳು ಬಹುತೇಕ ನಿಂತವು. ಡಬ್ಬಿಯ ಮುಚ್ಚಳ ತೆಗೆಯಲಾಗದ ಮಗುವಿನ ಪಕ್ಕದಲ್ಲಿ ಆಯಾ ಕುಳಿತು, ಮುಚ್ಚಳದ ಒಂದು ಅಂಚನ್ನು ಮಾತ್ರ ಸಡಿಲಿಸಿ ಉಳಿದದ್ದನ್ನು ಮಗುವಿಗೇ ಬಿಡುವ ಎಂಟು ಸೆಕೆಂಡುಗಳನ್ನು ಕೆಲವರು ಹಿಂದಕ್ಕೆ ಎಳೆದು ಮತ್ತೆ ನೋಡಿದರು.

ಆದರೂ ಇದರಲ್ಲಿ ಒಂದು ಸುಳ್ಳು ಅಡಗಿದೆ. ಜನವರಿಯ ಹೊತ್ತಿಗೆ ಮಕ್ಕಳು ಶಾಲೆಗೆ ಹೊಂದಿಕೊಂಡಿರುತ್ತಾರೆ, ಯಾರೂ ಅಳುವುದಿಲ್ಲ. ಈ ವಿಡಿಯೊ ನೋಡಿ ಜೂನ್‌ನಲ್ಲಿ ಮಗುವನ್ನು ಬಿಡಲು ಬರುವ ತಾಯಿಗೆ ಗೇಟಿನಲ್ಲಿ ಸಿಗುವುದು ಬೇರೆಯೇ ನೋಟ. ಅಳುವ ಮಗುವನ್ನು ಚಿತ್ರಿಸಲು ನನಗೆ ಮನಸ್ಸಾಗಲಿಲ್ಲ. ಅದರ ಬದಲು, ಖಾಲಿ ಬೆಂಚಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಈ ಮಾತು ಸೇರಿಸಿದೆ: ‘ಮೊದಲ ವಾರ ಹಲವು ಮಕ್ಕಳು ಅಳುತ್ತಾರೆ. ಆ ವಾರ ತಾಯಿಯೋ ಅಜ್ಜಿಯೋ ಈ ಬೆಂಚಿನಲ್ಲಿ ಕುಳಿತಿರಬಹುದು. ಮಗು ಒಂದೇ ಸಮನೆ ಅಳುತ್ತಿದ್ದರೆ ನಾವೇ ಫೋನ್ ಮಾಡಿ ಕರೆಯುತ್ತೇವೆ.’ ಬೆಂಚಿನ ಈ ದೃಶ್ಯಕ್ಕೆ ಬಂದಷ್ಟು ಪ್ರತಿಕ್ರಿಯೆ ಬಣ್ಣಬಣ್ಣದ ಗೋಡೆಗಳಿಗೆ ಬರಲಿಲ್ಲ.

ಮೂರನೆಯದರಲ್ಲಿ ಪೋಷಕರ ಪ್ರಶ್ನೆಗಳೇ ಬೆನ್ನೆಲುಬು. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಶಿಕ್ಷಕಿ ಉತ್ತರಿಸುತ್ತಾರೆ. ಹತ್ತು ಪ್ರಶ್ನೆಗಳಲ್ಲಿ ಎಂಟು ಬೇಸರ ತಂದವು, ಏಕೆಂದರೆ ಅವುಗಳಿಗೆ ಉತ್ತರ ಬರೀ ಮಾತಾಗಿತ್ತು. ಉಳಿದ ಎರಡು ಮಾತ್ರ ಇಡೀ ಪ್ರಯೋಗದಲ್ಲೇ ಅತ್ಯುತ್ತಮ ಭಾಗಗಳಾದವು, ಏಕೆಂದರೆ ಅಲ್ಲಿ ಉತ್ತರವನ್ನು ಮಾಡಿ ತೋರಿಸಿದ್ದೆವು.

ಒಂದು, ‘ಬೇರೆ ಯಾರಾದರೂ ಬಂದು ಕರೆದರೆ ಕಳುಹಿಸಿಬಿಡುತ್ತೀರಾ?’ ಇದಕ್ಕೆ ಬರೆದ ದೃಶ್ಯದಲ್ಲಿ ಮಗುವಿನ ಮಾವ, ಮಗುವನ್ನು ಕರೆದೊಯ್ಯಲು ತೋರಿಸಬೇಕಾದ ಶಾಲೆಯ ಕಾರ್ಡ್ ಇಲ್ಲದೆ ಬರುತ್ತಾರೆ, ಆಯಾ ಗೇಟ್ ತೆರೆಯುವುದಿಲ್ಲ. “ಅವರಮ್ಮನ ನಂಬರ್ ಕೊಡ್ತೀನಿ, ನೀವೇ ಮಾತಾಡಿ” ಎಂದು ಅವರು ಹೇಳಿದರೂ ಶಿಕ್ಷಕಿ ಆ ನಂಬರಿಗೆ ಕರೆ ಮಾಡದೆ, ಪ್ರವೇಶದ ದಿನ ಪೋಷಕರು ರಿಜಿಸ್ಟರಿನಲ್ಲಿ ಬರೆಸಿದ ನಂಬರಿಗೇ ಕರೆ ಮಾಡುತ್ತಾರೆ. ಈ ಒಂದು ವ್ಯತ್ಯಾಸವನ್ನು ಗುರುತಿಸಿದ ಅಜ್ಜಿಯೊಬ್ಬರು ಮಗಳ ಕಡೆ ತಿರುಗಿ ತಲೆಯಾಡಿಸಿದರು. ಮಾವನ ಪಾತ್ರ ವಹಿಸಿದವರು ಶಾಲೆಯ ವ್ಯಾನ್ ಚಾಲಕರು. ಗೇಟ್ ತೆರೆಯದಿದ್ದುದಕ್ಕೆ ಅವರು ತೋರಿದ ಸಿಟ್ಟು ನಿಜವಾದದ್ದೇ ಇರಬೇಕು ಎಂದು ನನಗೆ ಈಗಲೂ ಅನುಮಾನ.

ಇನ್ನೊಂದು ಶೌಚಾಲಯದ್ದು. ಮಗುವಿಲ್ಲದ ಶೌಚಾಲಯವನ್ನು ಮಾತ್ರ ತೋರಿಸಿದೆ: ಕುಳ್ಳಗಿನ ಕಮೋಡ್, ಒಳಗಿನಿಂದ ಚಿಲಕವಿಲ್ಲದ ಅರ್ಧ ಎತ್ತರದ ಬಾಗಿಲು, ಒಣಗಿದ ನೆಲ. ಜೊತೆಗೆ ಬರೆದ ಮಾತು ಇಷ್ಟೆ: ‘ಮಗುವಿನೊಂದಿಗೆ ಒಬ್ಬ ಆಯಾ ಬರುತ್ತಾರೆ, ಬಟ್ಟೆ ಒದ್ದೆಯಾದರೆ ಚೀಲದಲ್ಲಿರುವ ಇನ್ನೊಂದು ಜೊತೆಯನ್ನು ಅವರೇ ತೊಡಿಸುತ್ತಾರೆ. ಒಳಗೆ ಕ್ಯಾಮೆರಾ ಇಲ್ಲ, ಹೊರಗಿನ ಓಣಿಯಲ್ಲಿದೆ.’ ಮೊದಲ ಸ್ಕ್ರಿಪ್ಟಿನ ‘ಎಲ್ಲ ಕಡೆಯೂ’ ಎಂಬುದಕ್ಕೆ ಹೋಲಿಸಿದರೆ ಇದು ಶಾಲೆಯ ಬಗ್ಗೆ ಕಡಿಮೆ ಹೇಳಿಕೊಳ್ಳುತ್ತದೆ. ಆದರೂ ಇದನ್ನು ನೋಡಿದವರಲ್ಲಿ ಯಾರೂ ಕ್ಯಾಮೆರಾದ ಬಗ್ಗೆ ಮತ್ತೆ ಕೇಳಲಿಲ್ಲ.

ಕೊನೆಗೆ ಶಾಲೆಗೆ ಕೊಟ್ಟದ್ದು ಎರಡನೆಯ ಸ್ಕ್ರಿಪ್ಟನ್ನೇ. ಮೂರನೆಯದರ ಈ ಎರಡು ದೃಶ್ಯಗಳನ್ನು ಅದರೊಳಗೆ ಅವುಗಳ ಹೊತ್ತಿಗೆ ಸರಿಯಾಗಿ ಕೂಡಿಸಿದೆ. ತಿಂಡಿಗೆ ಮುಂಚೆ ಶೌಚಾಲಯ ಬರುತ್ತದೆ, ಮನೆಗೆ ಹೊರಡುವಾಗ ಗೇಟಿನ ದೃಶ್ಯ ಬರುತ್ತದೆ. ಒಟ್ಟು ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಮೊದಲನೆಯದು ಪೂರ್ತಿ ನಿರುಪಯುಕ್ತ ಎನ್ನಲಾರೆ. ಊರಾಚೆಯಿಂದ ವರ್ಗವಾಗಿ ಬರುವವರಿಗೆ ಕಟ್ಟಡವನ್ನೇ ನೋಡಬೇಕಿರುತ್ತದೆ, ಅಂಥವರಿಗೆ ಅದು ಸಾಕು.

ಗಡಿಯಾರದ ಸ್ಕ್ರಿಪ್ಟಿನ ಒಂದು ಅಪಾಯವನ್ನು ಮಾತ್ರ ತಡವಾಗಿ ಕಂಡುಕೊಂಡೆ. ಮಕ್ಕಳು ಎಷ್ಟು ಗಂಟೆಗೆ, ಯಾವ ಗೇಟಿನಿಂದ ಹೊರಡುತ್ತಾರೆ, ಕಾರ್ಡ್ ಹೇಗಿರುತ್ತದೆ ಎಂಬುದನ್ನು ಅದು ಹೊರಗಿನವರಿಗೂ ಹೇಳಿಕೊಡುತ್ತದೆ. ಆದ್ದರಿಂದ ಎಲ್ಲರಿಗೂ ಸಿಗುವ ಪ್ರತಿಯಲ್ಲಿ ಗಂಟೆಗಳನ್ನು ತೆಗೆದು ‘ತಿಂಡಿಯ ನಂತರ’, ‘ಕಥೆ ಮುಗಿದ ಮೇಲೆ’ ಎಂದು ಬದಲಿಸಿದೆ, ಕಾರ್ಡಿನ ಹಿಂಬದಿಯನ್ನಷ್ಟೇ ತೋರಿಸಿದೆ, ಗೇಟಿನ ದೃಶ್ಯವನ್ನು ಹತ್ತಿರದಿಂದ ಮತ್ತೊಮ್ಮೆ ಚಿತ್ರಿಸಿ ರಸ್ತೆಯೂ ಶಾಲೆಯ ಹಲಗೆಯೂ ಕಾಣದಂತೆ ಮಾಡಿದೆ. ಗಂಟೆಗಳಿರುವ ಪ್ರತಿಯನ್ನು ಕಚೇರಿಗೆ ಬಂದ ಪೋಷಕರಿಗೆ ಮಾತ್ರ ಅಲ್ಲಿಯ ಪರದೆಯಲ್ಲೇ ತೋರಿಸುತ್ತಾರೆ.