ಗೆಲ್ಲುತ್ತಿರುವ ಟ್ರೇಡ್‌ಗೆ ಷೇರು ಸೇರಿಸುವುದು: ಸಮಪಾಲು, ಇಳಿಪಾಲು, ಒಂದೇ ಪಾಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಳಿಪಾಲಿಗೆ. ಅಂದರೆ ಮೊದಲ ಖರೀದಿ ದೊಡ್ಡದು, ಎರಡನೆಯದು ಅದಕ್ಕಿಂತ ಸಣ್ಣದು, ಮೂರನೆಯದು ಇನ್ನೂ ಸಣ್ಣದು. ಈ ಬುದ್ಧಿ ಬರಲು, ಪ್ರತಿ ಸಲವೂ ಅಷ್ಟೇ ಷೇರು ಕೊಳ್ಳುವ ಸಮಪಾಲಿನಲ್ಲಿ ಒಮ್ಮೆ ಚೆನ್ನಾಗಿ ಕೈಸುಟ್ಟುಕೊಳ್ಳಬೇಕಾಯಿತು.

ನನ್ನ ಬಂಡವಾಳ ನಾಲ್ಕು ಲಕ್ಷ. ಒಂದು ಟ್ರೇಡ್‌ನಲ್ಲಿ ನಾಲ್ಕು ಸಾವಿರಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅನ್ನುವುದು ನಾನೇ ಹಾಕಿಕೊಂಡ ಗೆರೆ. ಡೆಲಿವರಿಯಲ್ಲಿ ಮಾತ್ರ ಕೊಳ್ಳುತ್ತೇನೆ, ಕೆಲವು ವಾರ ಇಟ್ಟುಕೊಳ್ಳುತ್ತೇನೆ. ಕೆಲಸಕ್ಕೆ ಹೋಗುವವನು, ದಿನವಿಡೀ ಸ್ಕ್ರೀನ್ ಮುಂದೆ ಕೂರಲು ಆಗುವುದಿಲ್ಲ. ಇದೆಲ್ಲ ಯಾಕೆ ಹೇಳಿದೆ ಅಂದರೆ, ಮುಂದಿನ ತೀರ್ಮಾನ ನಿಂತಿರುವುದೇ ಇದರ ಮೇಲೆ.

ಕೈಸುಟ್ಟ ಕಥೆ ಹೀಗೆ. ಒಂದು ಷೇರನ್ನು 1000 ರೂಪಾಯಿಗೆ ನೂರು ಕೊಂಡೆ. ಸ್ಟಾಪ್, ಅಂದರೆ ಬೆಲೆ ಇಳಿದರೆ ಮಾರಿ ಹೊರಬರುವ ಮಟ್ಟ, 960ಕ್ಕೆ. ಹೋದರೆ ನಾಲ್ಕು ಸಾವಿರ, ಗೆರೆಯೊಳಗೇ ಇದೆ. ಬೆಲೆ 1040ಕ್ಕೆ ಬಂತು. ಇನ್ನೂ ನೂರು ಕೊಂಡೆ, ಸ್ಟಾಪನ್ನು 1000ಕ್ಕೆ ಏರಿಸಿದೆ. "ಅಸಲಿಗೆ ತಂದುಬಿಟ್ಟೆ, ಇನ್ನೇನು ಭಯ" ಅಂದುಕೊಂಡೆ. 1080ಕ್ಕೆ ಮತ್ತೆ ನೂರು ಸೇರಿಸಿದೆ. ಬೆಲೆ ಸ್ಟಾಪ್ ಮುಟ್ಟಿದಾಗ ತಾನಾಗಿ ಮಾರಾಟಕ್ಕೆ ಹೋಗುವ ಜಿಟಿಟಿ ಆರ್ಡರ್‌ನಲ್ಲಿ ಸಂಖ್ಯೆಯನ್ನು 300 ಮಾಡಿದೆ, ಸ್ಟಾಪ್ ಬೆಲೆಯನ್ನು ಮಾತ್ರ ಬದಲಿಸಲಿಲ್ಲ. ನನ್ನ ತಲೆಯಲ್ಲಿ ಅಸಲು ಅಂದರೆ 1000 ಅಂತಲೇ ಕೂತಿತ್ತು. ಷೇರು 1092ರವರೆಗೆ ಹೋಗಿ ಜಾರತೊಡಗಿತು. ಎಂಟು ದಿನದಲ್ಲಿ 1000 ಮುಟ್ಟಿತು, ಮುನ್ನೂರೂ ಮಾರಾಟವಾಯಿತು.

ಲೆಕ್ಕ ನೋಡಿ. ಮೊದಲ ನೂರಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡನೆಯ ನೂರಕ್ಕೆ ನಾಲ್ಕು ಸಾವಿರ ನಷ್ಟ. ಮೂರನೆಯದಕ್ಕೆ ಎಂಟು ಸಾವಿರ. ಒಟ್ಟು 12,000. ತೆರಿಗೆ, ಶುಲ್ಕ ಅಂತ ಮೇಲೆ ಸುಮಾರು 700. 1092ರಲ್ಲಿ ಹದಿನೈದು ಸಾವಿರಕ್ಕೂ ಜಾಸ್ತಿ ಲಾಭ ತೋರಿಸಿದ್ದ ಟ್ರೇಡ್ ಅದು! ಸುಮ್ನೆ ನೂರು ಕೊಂಡು 960ಕ್ಕೆ ಸ್ಟಾಪ್ ಇಟ್ಟು ಮಲಗಿದ್ದರೂ ನಾಲ್ಕು ಸಾವಿರ ಮೀರುತ್ತಿರಲಿಲ್ಲ.

ಷೇರು ಸೇರಿಸಿದ ಕ್ಷಣದಲ್ಲೇ ಅಸಲು ಬದಲಾಗುತ್ತದೆ. ಅದು ಮೊದಲ ಖರೀದಿಯ ಬೆಲೆಯಲ್ಲ, ಎಲ್ಲ ಖರೀದಿಗಳ ಸರಾಸರಿ. ನನ್ನದು ಮೂರನೆಯ ಖರೀದಿಯ ಹೊತ್ತಿಗೆ 1040 ಆಗಿತ್ತು.

ಹಾಗಾದರೆ ಸಮಪಾಲಿನಲ್ಲೇ ಸ್ಟಾಪನ್ನು ಸರಾಸರಿಗೆ ಏರಿಸಿದರೆ ಆಯಿತಲ್ವಾ? ಅದನ್ನೂ ಮಾಡಿ ನೋಡಿದೆ. ತೊಂದರೆ ಎರಡನೆಯ ಖರೀದಿಯಲ್ಲೇ ಶುರು. 1000ಕ್ಕೆ ನೂರು, 1040ಕ್ಕೆ ನೂರು, ಸರಾಸರಿ 1020. ಬೆಲೆಗೂ ಸ್ಟಾಪ್‌ಗೂ ಉಳಿದ ಜಾಗ ಬರೀ 20 ರೂಪಾಯಿ. ಆ ಷೇರು ಏನೂ ಸುದ್ದಿ ಇಲ್ಲದ ದಿನವೂ 20-22 ರೂಪಾಯಿ ಮೇಲೆ ಕೆಳಗೆ ಆಡುತ್ತಿತ್ತು. ಮೊದಲು 40 ರೂಪಾಯಿ ಜಾಗ ಕೊಟ್ಟಿದ್ದೇ ಆ ಆಟಕ್ಕಾಗಿ. ಈಗ ಅದನ್ನು ಅರ್ಧಕ್ಕೆ ಇಳಿಸಿದರೆ, ಷೇರು ಉಸಿರಾಡಿದರೂ ನಾವು ಹೊರಗೆ. ಮೂರು ಸಲ ಹಾಗೇ ಆಯಿತು. ಎರಡು ಸಲ ನನ್ನನ್ನು ಇಳಿಸಿ ಅದೇ ವಾರ ಮೇಲಕ್ಕೆ ಹೋಯಿತು.

ಇಳಿಪಾಲಿಗೆ ಬಂದಿದ್ದು ಇದರಿಂದಲೇ. ಅದೇ ಬೆಲೆಗಳಲ್ಲಿ ನೂರು, ಅರವತ್ತು, ನಲವತ್ತು ಅಂತ ಕೊಂಡರೆ ಎರಡನೆಯ ಖರೀದಿಯ ನಂತರ ಸರಾಸರಿ 1015, ಮೂರನೆಯದಾದ ಮೇಲೆ 1028. 1080ರಲ್ಲಿ ನಿಂತಾಗ ಸ್ಟಾಪ್‌ವರೆಗೆ 52 ರೂಪಾಯಿ ಜಾಗ ಸಿಗುತ್ತದೆ. ಸಮಪಾಲಿನಲ್ಲಿ ಅದು 40.

ಆದರೆ ಎರಡನೆಯ ಮೆಟ್ಟಿಲಲ್ಲಿ ಇಲ್ಲೂ ಜಾಗ 25 ಮಾತ್ರ, ಅದೂ ಬಿಗಿಯೇ. ಹಾಗಾಗಿ ಅಲ್ಲಿ ಸ್ಟಾಪನ್ನು ಅಸಲಿಗೆ ತರುವುದಿಲ್ಲ, 1000ಕ್ಕೆ ಮಾತ್ರ ತರುತ್ತೇನೆ. ಹೋದರೆ ಅರವತ್ತು ಷೇರಿಗೆ ನಲವತ್ತು ರೂಪಾಯಿಯಂತೆ 2,400. ಮೊದಲಿದ್ದ ನಾಲ್ಕು ಸಾವಿರಕ್ಕಿಂತ ಕಡಿಮೆ, ಅಷ್ಟು ಸಾಕು. ಸಮಪಾಲಿನಲ್ಲಿ ಇದೇ ಜಾಗದಲ್ಲಿ ಅಪಾಯ ನಾಲ್ಕು ಸಾವಿರವೇ ಉಳಿಯುತ್ತದೆ, ಒಂದು ಪೈಸೆಯೂ ಇಳಿಯುವುದಿಲ್ಲ. ಮೂರನೆಯ ಖರೀದಿ ಆದ ಮೇಲೆಯೇ ನನ್ನ ಸ್ಟಾಪ್ ನಿಜವಾದ ಅಸಲಿಗೆ ಬರುತ್ತದೆ. ಅದೂ 1028 ಅಲ್ಲ, 1031. ಡೆಲಿವರಿಯಲ್ಲಿ ಕೊಳ್ಳುವಾಗ 0.1%, ಮಾರುವಾಗ 0.1% ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ ಹೋಗುತ್ತದೆ. ಸ್ಟ್ಯಾಂಪ್ ಡ್ಯೂಟಿ ಮತ್ತಿತರ ಚಿಲ್ಲರೆ ಸೇರಿದರೆ ಇಲ್ಲಿ ಷೇರಿಗೆ ಎರಡೂಕಾಲು ರೂಪಾಯಿ ಮೇಲೇ ಆಗುತ್ತದೆ.

ಲಾಭದಲ್ಲಿ ಸಮಪಾಲೇ ಮುಂದೆ, ಅದನ್ನು ಮುಚ್ಚಿಡುವುದಿಲ್ಲ. ಷೇರು ಚೆನ್ನಾಗಿ ಓಡಿ ಕೊನೆಗೆ 1120ರಲ್ಲಿ ಮಾರಿದೆವು ಅನ್ನಿ. ಸಮಪಾಲಿಗೆ 24,000, ಇಳಿಪಾಲಿಗೆ 18,400. ಸಮಪಾಲಿನಲ್ಲಿ 3 ಲಕ್ಷಕ್ಕೂ ಜಾಸ್ತಿ ಒಂದೇ ಷೇರಿನಲ್ಲಿ ಕೂತಿರುತ್ತದೆ ಅನ್ನುವುದೂ ನೆನಪಿರಲಿ. ನನ್ನ ಬಂಡವಾಳಕ್ಕೆ ಅದು ನಿದ್ದೆ ಕೆಡಿಸುವ ಮೊತ್ತ.

ಸಮಪಾಲಿನವರು 1983ರಲ್ಲಿ ಶಿಕಾಗೋದ ಟ್ರೇಡರ್ ರಿಚರ್ಡ್ ಡೆನ್ನಿಸ್ ತಯಾರು ಮಾಡಿದ 'ಟರ್ಟಲ್' ಗುಂಪಿನ ಹೆಸರು ಹೇಳುತ್ತಾರೆ. ಅವರು ನಾಲ್ಕು ಸಮಪಾಲು ಸೇರಿಸುತ್ತಿದ್ದರು, ನಿಜ. ಪ್ರತಿ ಪಾಲಿಗೂ ನಡುವೆ ಸರಾಸರಿ ದಿನದ ಏರಿಳಿತದ ಅರ್ಧದಷ್ಟು ಅಂತರ. ಆದರೆ ಸ್ಟಾಪ್ ಕೊನೆಯ ಖರೀದಿಯಿಂದ ಆ ಏರಿಳಿತದ ಎರಡು ಪಟ್ಟು ಕೆಳಗೆ ಇರುತ್ತಿತ್ತು. ಕೂಡಿ ಕಳೆದು ನೋಡಿದರೆ, ನಾಲ್ಕೂ ಪಾಲು ತುಂಬಿದಾಗಲೂ ಅವರ ಸ್ಟಾಪ್ ಮೊದಲ ಖರೀದಿಗಿಂತ ಕೆಳಗೇ. ಅಂದರೆ ಅವರು ಅಸಲಿನ ಸ್ಟಾಪ್ ಇಡುತ್ತಲೇ ಇರಲಿಲ್ಲ. ದೊಡ್ಡ ನಷ್ಟಕ್ಕೆ ತಯಾರಾಗಿಯೇ ದೊಡ್ಡ ಓಟಕ್ಕೆ ಕಾಯುತ್ತಿದ್ದರು. ಅದರ ಅರ್ಧ ನಿಯಮ ಎತ್ತಿಕೊಂಡು ಇನ್ನರ್ಧ ಬಿಟ್ಟರೆ ನನ್ನ ಹಾಗೇ ಆಗುತ್ತದೆ.

ಒಂದೇ ಪಾಲು, ಸೇರಿಸುವ ಗೋಜೇ ಬೇಡ ಅನ್ನುವ ದಾರಿ: ಅದೇ ನೂರು ಷೇರಿಗೆ 1120ರಲ್ಲಿ 12,000. ವಾರಕ್ಕೊಮ್ಮೆ ಮಾತ್ರ ನೋಡುವವರಿಗೆ ಇದೇ ಒಳ್ಳೆಯದು.

ಇಳಿಪಾಲಿನಲ್ಲೂ ಒಂದು ಕಿರಿಕಿರಿ ಹೋಗಿಲ್ಲ. ಜಿಟಿಟಿ ತಾನಾಗಿ ಬೆಳೆಯುವುದಿಲ್ಲ. ನೀವು ಅರವತ್ತು ಸೇರಿಸಿದರೂ ಅದು ನೂರಕ್ಕೇ ನಿಂತಿರುತ್ತದೆ. ಒಮ್ಮೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೊಂಡು, ಸಂಖ್ಯೆ ಬದಲಿಸಲು ಮರೆತೆ. ಸ್ಟಾಪ್ ಬಂದಾಗ ನೂರು ಮಾತ್ರ ಹೋಯಿತು, ಅರವತ್ತು ಕೆಳಗೆ ಜಾರುತ್ತಲೇ ಇತ್ತು, ನನಗೆ ಗೊತ್ತಾಗಿದ್ದು ಸಂಜೆ. ಈಗ ನನ್ನ ಕ್ರಮ ಹೀಗೆ: ಮೊದಲು ಹಳೆಯ ಸ್ಟಾಪ್ ಏರಿಸು, ಆಮೇಲೆ ಕೊಳ್ಳು, ಕೊಂಡ ತಕ್ಷಣ ಸಂಖ್ಯೆ ತಿದ್ದು. ಕೊಳ್ಳುವುದೇ ಮೊದಲಾದರೆ ಉಳಿದೆರಡು ನಾಳೆಗೆ ಹೋಗುತ್ತವೆ.

ಇನ್ನೊಂದು, ಅಸಲಿನ ಸ್ಟಾಪ್ ರಾತ್ರಿ ಕೆಲಸ ಮಾಡುವುದಿಲ್ಲ. ಜಿಟಿಟಿಯಲ್ಲಿ ನಾನು ಹಾಕುವುದು ಲಿಮಿಟ್ ಆರ್ಡರ್, ಅಂದರೆ ಹೇಳಿದ ಬೆಲೆಗಿಂತ ಕೆಳಗೆ ಮಾರದ ಆರ್ಡರ್. ಟ್ರಿಗರ್ 1031, ಲಿಮಿಟ್ 1026 ಇದ್ದು, ಬೆಳಿಗ್ಗೆ ಷೇರು 990ಕ್ಕೇ ತೆರೆದರೆ ಆರ್ಡರ್ ಹೋಗಿ ಸುಮ್ಮನೆ ನೇತಾಡುತ್ತದೆ. ಕೊನೆಗೆ ನಾನೇ 990ಕ್ಕೆ ಮಾರಿದರೆ ಇನ್ನೂರು ಷೇರಿಗೆ 7,600 ನಷ್ಟ, ಮುನ್ನೂರರ ಸಮಪಾಲಿಗೆ 15,000. ಹಾಗಾಗಿ ಕಂಪನಿಯ ತ್ರೈಮಾಸಿಕ ಫಲಿತಾಂಶಕ್ಕೆ ವಾರವಿದ್ದರೆ ಮೂರನೆಯ ಪಾಲು ಕೊಳ್ಳುವುದಿಲ್ಲ. ಫಲಿತಾಂಶ ಬಂದು ಷೇರು 1100ಕ್ಕೆ ಹಾರಿದರೆ ಹಾರಲಿ, ನೂರ ಅರವತ್ತು ಕೈಯಲ್ಲಿ ಇದ್ದೇ ಇರುತ್ತದೆ.