ಒಂದು ನಿಮಿಷದ ಷಡಕ್ಷರಿ ವಿಡಿಯೊ: ಬನಹಟ್ಟಿಯ ಮಗ್ಗದ ಮನೆಯಲ್ಲಿ ವರ್ಷ ದಾಟಿ ಬಳಸಿದ ಅನುಭವ

ರಾತ್ರಿ ಮಲಗುವ ಮುಂದೆ ಹಚ್ಚಿಕೊಳ್ಳುವ ಮಂತ್ರದ ಶಾರ್ಟ್ ವಿಡಿಯೊಗಳು ಈಗ ಲೆಕ್ಕವಿಲ್ಲದಷ್ಟಿವೆ. ನಾನು ಬರೆಯುತ್ತಿರುವುದು ಅವುಗಳಲ್ಲಿ ಒಂದರ ಬಗ್ಗೆ. ಒಬ್ಬ ಗಂಡಸಿನ ಧ್ವನಿ, ನಿಧಾನಕ್ಕೆ ‘ಓಂ ನಮಃ ಶಿವಾಯ’, ಅಷ್ಟೇ. ತಂಬೂರಿ ಇಲ್ಲ, ಕೊಳಲಿಲ್ಲ, ಗಂಟೆಯಿಲ್ಲ. ಪರದೆ ತುಂಬ ಕಪ್ಪು, ಕೆಳಗಡೆ ಒಂದು ಸಣ್ಣ ದೀಪ. ಒಂದು ನಿಮಿಷಕ್ಕೆ ಮುಗಿದು ತಾನಾಗಿಯೇ ಮತ್ತೆ ಮೊದಲಿಂದ ಶುರುವಾಗುತ್ತದೆ. ವರ್ಷದ ಮೇಲಾಯಿತು, ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಎಲ್ಲ ರಾತ್ರಿ ಇದೇ.

ನಮ್ಮದು ಬನಹಟ್ಟಿ, ಮನೆಯಲ್ಲೇ ಪವರ್ ಲೂಮ್. ಮಗ್ಗ ನಡೆಯುವಾಗ ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ, ಸನ್ನೆಯಲ್ಲೇ ಮಾತಾಡುತ್ತೇವೆ. ಸಂಜೆ ಕರೆಂಟ್ ಬಂದ್ ಮಾಡಿದ ಮೇಲೂ ತಲೆಯೊಳಗೆ ಲಾಳಿ ಹೊಡೆಯುತ್ತಲೇ ಇರುತ್ತದೆ. ಇಂಥ ಕಿವಿಗೆ ಯಾವ ಸದ್ದು ಹಿತ, ಯಾವುದು ಅಲ್ಲ ಎಂಬ ಲೆಕ್ಕದಲ್ಲೇ ಈ ವಿಮರ್ಶೆ ಓದಿಕೊಳ್ಳಿ.

ಇದರ ದೊಡ್ಡ ಗುಣ ಅದರ ನಡೆ. ಕೈಯಲ್ಲಿ ಗಡಿಯಾರ ಹಿಡಿದು ನೋಡಿದೆ: ಒಂದು ನಿಮಿಷದಲ್ಲಿ ಮಂತ್ರ ಆರು ಸಲ ಬರುತ್ತದೆ. ಅಂದರೆ ಒಂದಕ್ಕೆ ಹತ್ತು ಸೆಕೆಂಡು. ‘ಓಂ’ ಎಳೆದು ಸುಮಾರು ಮೂರು ಸೆಕೆಂಡು, ‘ನಮಃ ಶಿವಾಯ’ಕ್ಕೆ ನಾಲ್ಕರ ಹತ್ತಿರ, ಉಳಿದ ಮೂರು ಸೆಕೆಂಡು ಸುಮ್ಮನೆ. ಆ ಸುಮ್ಮನಿರುವ ಜಾಗದಲ್ಲಿ ಅವರು ಉಸಿರು ಒಳಗೆ ಎಳೆದುಕೊಳ್ಳುವುದು ಸಣ್ಣಗೆ ಕೇಳಿಸುತ್ತದೆ. ಹಾಗಾಗಿ ಜೊತೆಯಲ್ಲಿ ಹೇಳುವವರಿಗೆ ಏಳು ಸೆಕೆಂಡು ಉಸಿರು ಹೊರಗೆ, ಮೂರು ಸೆಕೆಂಡು ಒಳಗೆ. ಸುಮ್ಮನೆ ಕೂತ ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ. ಇಲ್ಲಿ ಅದು ಆರಕ್ಕೆ ಇಳಿಯುತ್ತದೆ.

ಈ ಆರು ಸುಮ್ಮನೆ ಬಂದ ಸಂಖ್ಯೆಯಲ್ಲ. ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಓಂ’ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಸುತ್ತ ಬಂದು ನಿಂತಿತು. ರಕ್ತದೊತ್ತಡ ಏರಿಳಿದಾಗ ಅದಕ್ಕೆ ತಕ್ಕಂತೆ ಹೃದಯದ ಬಡಿತ ಹೊಂದಿಸುವ ದೇಹದ ವ್ಯವಸ್ಥೆಯೂ ಆಗ ಚುರುಕಾಯಿತು. ಉಸಿರು ಹೊರಗೆ ಹೋಗುವಾಗ ನಾಡಿ ತುಸು ನಿಧಾನವಾಗುವುದನ್ನು ಮಣಿಕಟ್ಟಿನ ಮೇಲೆ ಬೆರಳಿಟ್ಟು ಯಾರು ಬೇಕಾದರೂ ನೋಡಬಹುದು. ಹೊರಗೆ ಹೋಗುವ ಉಸಿರು ಉದ್ದವಾದಷ್ಟೂ ಆ ನಿಧಾನದ ಹೊತ್ತು ಹೆಚ್ಚು.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಆ ಅಧ್ಯಯನದಲ್ಲಿ ಜನ ಬಾಯಿಬಿಟ್ಟು ಹೇಳಿದ್ದರು, ಬರೀ ಕೇಳಿಸಿಕೊಂಡದ್ದಲ್ಲ. ನನ್ನ ಅನುಭವವೂ ಅದೇ. ಹಚ್ಚಿಟ್ಟು ನಾಳಿನ ನೂಲಿನ ಲೆಕ್ಕ ಹಾಕುತ್ತ ಬಿದ್ದುಕೊಂಡರೆ ಈ ವಿಡಿಯೊ ಏನೂ ಮಾಡುವುದಿಲ್ಲ. ತುಟಿ ಅಲುಗುವಷ್ಟಾದರೂ, ಗಂಟಲೊಳಗೆ ಗುನುಗುವಷ್ಟಾದರೂ ಜೊತೆಗೆ ಹೇಳಬೇಕು. ಆಗ ಉಸಿರು ತಾನಾಗಿ ಆ ನಡೆಗೆ ಬೀಳುತ್ತದೆ. ‘ಮಲಗೂಮುಂದ ಶಿವನಾಮ ಬಾಯಾಗ ಇರಬೇಕು’ ಅಂತ ನಮ್ಮವ್ವ ಹೇಳುತ್ತಿದ್ದಳು. ಅವಳೂ ಬಾಯಲ್ಲಿ ಎಂದಳೇ ಹೊರತು ಕಿವಿಯಲ್ಲಿ ಎನ್ನಲಿಲ್ಲ.

ಇದಕ್ಕೂ ಮೊದಲು ರಾತ್ರಿ ಪ್ರವಚನ ಕೇಳುವ ರೂಢಿ ಇತ್ತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಮಾತಿನ ನಿಧಾನ, ನಡುವಿನ ಮೌನ ಈ ಭಾಗದವರಿಗೆಲ್ಲ ಗೊತ್ತು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದ ಮೇಲೆ ಅವರ ಧ್ವನಿಮುದ್ರಣ ಕೇಳುವವರು ನಮ್ಮ ಓಣಿಯಲ್ಲಿ ಇನ್ನೂ ಹೆಚ್ಚಾದರು. ಆದರೆ ಪ್ರವಚನದಲ್ಲಿ ಅರ್ಥವಿದೆ, ಮುಂದೇನು ಹೇಳುತ್ತಾರೆ ಎಂದು ಮನಸ್ಸು ಎದ್ದು ಕೂರುತ್ತದೆ. ನಾನಂತೂ ನಿದ್ದೆ ಬಿಟ್ಟು ಪೂರ್ತಿ ಕೇಳಿದ ರಾತ್ರಿಗಳೇ ಹೆಚ್ಚು. ಅದು ಬೆಳಿಗ್ಗೆ ಕೇಳುವಂಥದ್ದು. ಜಪದಲ್ಲಿ ಮುಂದೇನು ಎಂಬುದೇ ಇಲ್ಲ, ಅದಕ್ಕೇ ಅದು ರಾತ್ರಿಗೆ ಒಗ್ಗುತ್ತದೆ.

ಇನ್ನು ಧ್ವನಿ. ಮೈಕನ್ನು ಬಾಯಿಗೆ ತೀರ ಹತ್ತಿರ ಇಟ್ಟು ಹೇಳಿದ್ದಾರೆ. ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಜಾತಿಯ ಮೈಕುಗಳಲ್ಲಿ ಬಾಯಿ ಹತ್ತಿರ ಬಂದಷ್ಟೂ ಧ್ವನಿಯ ಕೆಳಗಿನ ಗುಂಗು ಏರುತ್ತದೆ. ‘ಓಂ’ನಲ್ಲಿ ಆ ತುಂಬು ಬರುವುದು ಅದರಿಂದ. ಮೆಲ್ಲಗೆ ಹೇಳಿದರೂ ಸಾಕಾಗುತ್ತದೆ, ಕೂಗುವ ಒತ್ತಡ ಧ್ವನಿಯಲ್ಲಿಲ್ಲ, ಹಾಸಿಗೆಯ ಪಕ್ಕವೇ ಯಾರೋ ಕೂತು ಹೇಳಿದಂತಿರುತ್ತದೆ. ಬೆಲೆಯೂ ಇದೆ. ಹತ್ತಿರದ ಮೈಕು ಬೇಡದ್ದನ್ನೂ ಹಿಡಿಯುತ್ತದೆ. ‘ಶಿ’ ಅಕ್ಷರ ಚುಚ್ಚುತ್ತದೆ. ಮೂರನೆಯ ಮತ್ತು ನಾಲ್ಕನೆಯ ಮಂತ್ರದ ನಡುವೆ ಅವರು ಉಗುಳು ನುಂಗಿದ್ದು ಕೇಳಿಸುತ್ತದೆ. ನನಗದು ಮನುಷ್ಯರ ಸದ್ದು, ಇರಲಿ ಅನಿಸಿತು. ನನ್ನ ಹೆಂಡತಿಗೆ ಒಮ್ಮೆ ಕೇಳಿಸಿದ ಮೇಲೆ ಅದೇ ಕೇಳಿಸತೊಡಗಿತು. ‘ರೀ, ಮತ್ತ ಅದ ಬಂತ್ ನೋಡ್ರಿ’ ಅನ್ನುತ್ತಾಳೆ. ಪ್ರತಿ ನಿಮಿಷ ಅದೇ ಜಾಗದಲ್ಲಿ ಮತ್ತೆ ಬರುತ್ತದೆ, ಸುತ್ತುವ ವಿಡಿಯೊದಲ್ಲಿ ಸಣ್ಣ ಕುಂದು ಸಣ್ಣದಾಗಿ ಉಳಿಯುವುದಿಲ್ಲ.

ಯಾವುದರಲ್ಲಿ ಕೇಳುತ್ತೀರಿ ಎಂಬುದರ ಮೇಲೆ ಅರ್ಧ ಗುಣ ನಿಂತಿದೆ. ಫೋನಿನ ಸ್ವಂತ ಸ್ಪೀಕರ್ ಆ ಕೆಳಗಿನ ಗುಂಗನ್ನು ಹೊರಡಿಸಲಾರದು. ಮಂತ್ರದ ತುಂಬು ಹೋಗಿ ‘ಶಿ’ಯ ಚುಚ್ಚು ಮಾತ್ರ ಉಳಿಯುತ್ತದೆ. ಬ್ಲೂಟೂತ್ ಸ್ಪೀಕರ್ ತಂದೆವು. ಅದಕ್ಕೆ ಬೇರೆ ತೊಡಕು: ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಅದು ತೂಕಡಿಸುತ್ತಿತ್ತು, ‘ಓಂ’ ಶುರುವಾದ ಮೇಲೆ ಎಚ್ಚರವಾಗಿ ಮೊದಲ ತುಣುಕನ್ನು ನುಂಗಿ ‘ಮ್’ನಿಂದ ಹೇಳುತ್ತಿತ್ತು. ಕಡೆಗೆ ವೈರಿನ ಹಳೆಯ ಸ್ಪೀಕರ್ ಒಂದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ, ಅಲ್ಲಿಂದ ಇಲ್ಲಿಯವರೆಗೆ ಅದೇ ನಡೆದಿದೆ.

ಮಗ್ಗದವರು, ಗಿರಣಿಯವರು ವಾಲ್ಯೂಮ್ ಬಗ್ಗೆ ಒಂದಿಷ್ಟು ತಿಳಿದುಕೊಂಡಿರಬೇಕು. ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಅಂಥ ಕಡೆ ಪಾಳಿ ಮುಗಿಸಿ ಬಂದ ಕಿವಿ ಕೆಲ ಹೊತ್ತು ಮಂದವಾಗಿರುತ್ತದೆ, ಸಣ್ಣ ಸದ್ದು ಹಿಡಿಯುವುದಿಲ್ಲ. ಊಟ ಮುಗಿಸಿದ ಕೂಡಲೇ ಹಚ್ಚಿದರೆ ಸಾಲದು ಅನಿಸಿ ಏರಿಸುತ್ತೇವೆ. ಕಿವಿ ಚೇತರಿಸಿಕೊಳ್ಳುತ್ತ ಬಂದಂತೆ ಅದೇ ಮಟ್ಟ ಜೋರಾಗುತ್ತದೆ, ಮಧ್ಯರಾತ್ರಿ ಅದರಿಂದಲೇ ಎಚ್ಚರವಾಗುತ್ತದೆ. ಹಾಗಾಗಿ ವಾಲ್ಯೂಮನ್ನು ಭಾನುವಾರ, ಮಗ್ಗ ಬಂದ್ ಇದ್ದ ದಿನ ಗೊತ್ತು ಮಾಡಿಕೊಂಡೆ: ಮಂತ್ರ ಕೇಳಬೇಕು, ನಡುವಿನ ಉಸಿರು ಕೇಳಿಯೂ ಕೇಳದಂತಿರಬೇಕು. ಸ್ಪೀಕರಿನ ಗುಂಡಿಯ ಮೇಲೆ ಆ ಜಾಗಕ್ಕೆ ಸುಣ್ಣದ ಗುರುತು ಹಾಕಿದ್ದೇನೆ. ಕೆಲಸದ ದಿನ ಸಾಲದು ಅನಿಸಿದರೂ ಗುರುತು ದಾಟಿಸುವುದಿಲ್ಲ. ಇಯರ್‌ಫೋನ್ ಹಾಕಿ ಮಲಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಹಗಲೆಲ್ಲ ದುಡಿದ ಕಿವಿಗೆ ರಾತ್ರಿಯಾದರೂ ಬಿಡುವು ಬೇಕು.

ಮೊದಲ ತಿಂಗಳುಗಳಲ್ಲಿ ಕಾಡಿದ್ದು ಜೋಡಣೆ. ಆರನೆಯ ಮಂತ್ರ ಮುಗಿದ ತಕ್ಷಣ ಮೂರು ಸೆಕೆಂಡಿನ ಬಿಡುವಿಲ್ಲದೆ ಮೊದಲನೆಯದು ಬಂದುಬಿಡುತ್ತಿತ್ತು, ನಡುವೆ ‘ಟಪ್’ ಎಂದು ಸಣ್ಣ ಸದ್ದು. ಜೊತೆಗೆ ಹೇಳುತ್ತಿದ್ದವರ ಉಸಿರು ಅಲ್ಲಿ ಸಿಕ್ಕಿಕೊಳ್ಳುತ್ತದೆ: ಒಳಗೆ ಎಳೆದುಕೊಳ್ಳುವ ಮುಂಚೆಯೇ ಹೇಳಬೇಕು. ಐದು ಸಲ ಸಡಿಲಾದದ್ದು ಆರನೆಯದರಲ್ಲಿ ಬಿಗಿಯುತ್ತದೆ. ಧ್ವನಿಯ ಅಲೆ ಪೂರ್ತಿ ಕೆಳಗಿಳಿಯುವ ಮುಂಚೆ ಕತ್ತರಿಸಿದರೆ ಆ ‘ಟಪ್’ ಬರುತ್ತದೆ, ಕೊನೆಗೆ ತುಸು ಇಳಿಸಿ ಖಾಲಿ ಜಾಗ ಬಿಟ್ಟರೆ ಹೋಗುತ್ತದೆ. ಅವರೇ ಆಮೇಲೆ ಹೊಸದಾಗಿ ಹಾಕಿದ್ದರಲ್ಲಿ ಇದು ಸರಿಯಾಗಿದೆ, ಜೋಡಣೆ ಎಲ್ಲಿ ಎಂದು ಗೊತ್ತೇ ಆಗುವುದಿಲ್ಲ. ನೀವು ಬೇರೆ ಯಾವುದೇ ವಿಡಿಯೊ ಆರಿಸಿಕೊಂಡರೂ ಮೊದಲು ಇದನ್ನು ಪರೀಕ್ಷಿಸಿ: ಕಣ್ಣು ಮುಚ್ಚಿ, ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಎರಡು ಸುತ್ತು ಜೊತೆಗೆ ಹೇಳಿ. ಎಲ್ಲೋ ಒಂದು ಕಡೆ ಉಸಿರು ಎಡವಿದರೆ ಜೋಡಣೆ ಅಲ್ಲೇ ಇದೆ, ಆ ವಿಡಿಯೊ ಬಿಡಿ. 2024ರ ಅಕ್ಟೋಬರ್‌ನಿಂದ ಯೂಟ್ಯೂಬ್‌ನಲ್ಲಿ ಶಾರ್ಟ್ ವಿಡಿಯೊ ಮೂರು ನಿಮಿಷದವರೆಗೂ ಇರಬಹುದು. ಹಾಗಿದ್ದಲ್ಲಿ ಹದಿನೆಂಟು ಸಲಕ್ಕೆ ಒಮ್ಮೆ ಮಾತ್ರ ಜೋಡಣೆ ಬರುತ್ತದೆ, ನುಂಗಿದ ಸದ್ದೂ ಅಷ್ಟೇ ವಿರಳವಾಗುತ್ತದೆ. ಇವರು ಇನ್ನೂ ಒಂದೇ ನಿಮಿಷಕ್ಕೆ ನಿಂತಿರುವುದು ನನಗೆ ಕೊರತೆಯೇ.

ಚಿತ್ರದ ಬಗ್ಗೆ ಹೇಳುವುದು ಕಡಿಮೆ. ಕಪ್ಪು ಪರದೆ ಒಳ್ಳೆಯದೇ. ಅಮೊಲೆಡ್ ಪರದೆಯಲ್ಲಿ ಕಪ್ಪು ಇದ್ದ ಕಡೆ ಬೆಳಕೇ ಹುಟ್ಟುವುದಿಲ್ಲ, ಎಲ್‌ಸಿಡಿಯಲ್ಲಿ ಹಿಂದಿನ ಬೆಳಕು ಬೂದು ಬಣ್ಣಕ್ಕೆ ಸೋರುತ್ತಲೇ ಇರುತ್ತದೆ. ಆದರೆ ಲೈಕು, ಶೇರು ಚಿಹ್ನೆಗಳು ಬಿಳಿಯಾಗಿ ಬಲಗಡೆ ನಿಂತೇ ಇರುತ್ತವೆ, ದೀಪಕ್ಕಿಂತ ಅವೇ ಪ್ರಕಾಶ. ಅದಕ್ಕೆ ಫೋನ್ ಬೋರಲು ಹಾಕುತ್ತೇನೆ. ಇದರಿಂದ ಬೆರಳು ತಾಗಿ ಮುಂದಿನ ವಿಡಿಯೊಕ್ಕೆ ಜಾರುವುದೂ ತಪ್ಪುತ್ತದೆ. ಮೆಲ್ಲಗಿನ ಜಪದ ಬೆನ್ನಿಗೆ ಡಿಜೆ ಹಾಡು ಹೊಡೆದರೆ ಅರ್ಧ ತಾಸಿನ ಶ್ರಮ ಹೋದಂತೆ. ದಿಂಬಿನ ಕೆಳಗೆ ಮಾತ್ರ ಇಡಬೇಡಿ, ಪರದೆ ಉರಿಯುತ್ತಲೇ ಇರುವ ಫೋನ್ ಅಲ್ಲಿ ಬಿಸಿಯಾಗುತ್ತದೆ.

ನಿದ್ದೆ ಹತ್ತಿದ ಮೇಲೆ ತಾನಾಗಿ ನಿಲ್ಲುವ ದಾರಿ ನನ್ನ ಫೋನಿನಲ್ಲಿ ಸಿಕ್ಕಿಲ್ಲ. ಮಗಳ ಐಫೋನಿನಲ್ಲಿ ಗಡಿಯಾರದ ಆ್ಯಪ್ ತೆಗೆದು ಟೈಮರ್ ಕೊನೆಗೆ ‘Stop Playing’ ಆರಿಸಿದರೆ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಅವಳು ಇಪ್ಪತ್ತು ನಿಮಿಷಕ್ಕೆ ಇಡುತ್ತಾಳೆ. ನಾನು ಕಣ್ಣು ಎಳೆಯಲು ಶುರುವಾದಾಗ ಸ್ಪೀಕರನ್ನು ಕೈಯಿಂದಲೇ ಬಂದ್ ಮಾಡುತ್ತೇನೆ. ಆ ಹೊತ್ತಿಗೆ ಉಸಿರು ನಡೆ ಹಿಡಿದಿರುತ್ತದೆ, ಧ್ವನಿ ಇಲ್ಲದೆಯೂ ನಾಲ್ಕೈದು ಸಲ ಅದೇ ಮುಂದುವರಿಯುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ನೆಗಡಿಯಾಗಿ ಮೂಗು ಕಟ್ಟಿದಾಗ, ದಮ್ಮು ಇದ್ದವರಿಗೆ, ಏಳು ಸೆಕೆಂಡಿನ ಹೊರಉಸಿರು ಕಷ್ಟ. ಎಳೆದಾಡಿ ಹೊಂದಿಸಲು ಹೋದರೆ ಎದೆ ಬಿಗಿಯುತ್ತದೆ, ತಲೆ ಹಗುರಾಗುತ್ತದೆ. ಅಂಥವರು ಒಂದು ಬಿಟ್ಟು ಒಂದು ಮಂತ್ರ ಹೇಳಲಿ. ಇನ್ನೊಂದು ಮಗ್ಗದವರ ಕಾಯಿಲೆ, ಕಿವಿಯೊಳಗಿನ ಗುಂಯ್ ಸದ್ದು. ನಮ್ಮ ಕಂಡಿಕೆ ಸುತ್ತುವ ಕಾಕಾ ಒಬ್ಬರಿಗೆ ಈ ವಿಡಿಯೊ ಕಳಿಸಿದ್ದೆ. ‘ಮಂತ್ರ ಛಲೋ ಐತಿ ತಮ್ಮಾ, ನಡಕ ಸುಮ್ಮನಾದಾಗ ನನ್ನ ಕಿವೀನ ಹಾಡತೈತಿ’ ಅಂದರು. ಧ್ವನಿ ಹೋದ ಆ ಮೂರು ಸೆಕೆಂಡಿನಲ್ಲಿ ಗುಂಯ್ ಎದ್ದು ಕೇಳಿಸುವುದು ಸಹಜ. ಅವರಿಗೆ ಬಿಡುವಿಲ್ಲದ ಸದ್ದು ಬೇಕು. ಈಗ ಫ್ಯಾನ್ ಹಚ್ಚಿ ಅದರ ಜೊತೆಗೆ ಹಿಂದೆ ತಂಬೂರಿ ಇರುವ ಬೇರೊಂದು ಜಪ ಕೇಳುತ್ತಾರೆ, ಅದೇ ಅವರಿಗೆ ಸರಿಹೋಗಿದೆ. ಬೆಳಿಗ್ಗೆ ಎದ್ದಾಗಲೂ ಗುಂಯ್ ಇಳಿಯದೆ ಇರುವವರು ಮಾತ್ರ ಮಂತ್ರವನ್ನೇ ನಂಬಿ ಕೂರದೆ ಕಿವಿಯ ಡಾಕ್ಟರಿಗೆ ತೋರಿಸಬೇಕು. ಕಾಕಾ ಅವರನ್ನೂ ಜಮಖಂಡಿಗೆ ಕರೆದುಕೊಂಡು ಹೋಗುವವನಿದ್ದೇನೆ.